ಸೌರ ಫಲಕ ತನ್ನ ಸಾಲ ತೀರಿಸುವುದು ಯಾವಾಗ?

‘ಈ ಪ್ಯಾನೆಲ್ ತಯಾರಿಸಲು ಖರ್ಚಾದಷ್ಟು ಶಕ್ತಿಯನ್ನು ಅದು ವಾಪಸು ಕೊಡುವುದೇ ಇಲ್ಲವಂತೆ, ಹೌದಾ?’ ಸೌರ ವಿದ್ಯುತ್ತಿನ ಲೆಕ್ಕಪರಿಶೋಧನೆ ಮಾಡುವ ನನಗೆ ಈ ಪ್ರಶ್ನೆ ಎದುರಾಗುತ್ತಲೇ ಇರುತ್ತದೆ. ಕೊಡುತ್ತದೆ, ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ. ಆದರೆ ಆ ‘ಒಂದು ವರ್ಷ’ ಹೇಗೆ ಬಂತು ಎಂದು ನೋಡದಿದ್ದರೆ ಅದೇ ಪ್ಯಾನೆಲ್‌ಗೆ ಮೂರು ವರ್ಷ ಎಂದೂ ಹೇಳಿಬಿಡಬಹುದು.

ಶಕ್ತಿ ಎಲ್ಲಿ ಖರ್ಚಾಗುತ್ತದೆ ಎನ್ನುವುದನ್ನು ಮೊದಲು ನೋಡೋಣ. ಬೆಣಚುಕಲ್ಲನ್ನು ಇಂಗಾಲದ ಜೊತೆ ವಿದ್ಯುತ್ ಕುಲುಮೆಯಲ್ಲಿ ಸುಮಾರು 2000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಸಿಲಿಕಾನ್ ಸಿಗುತ್ತದೆ. ಅದು ಸೌರಕೋಶಕ್ಕೆ ಸಾಲುವಷ್ಟು ಶುದ್ಧವಲ್ಲ. ಅದನ್ನು ಕ್ಲೋರಿನ್ ಸೇರಿದ ಅನಿಲವಾಗಿ ಮಾಡಿ, ಬಟ್ಟಿ ಇಳಿಸಿ, ಕೆಂಪಗೆ ಕಾದ ಸರಳುಗಳ ಮೇಲೆ ಮತ್ತೆ ಸಿಲಿಕಾನ್ ಆಗಿ ಕೂರಿಸಬೇಕು. ಆಮೇಲೆ ಇನ್ನೊಮ್ಮೆ ಕರಗಿಸಿ ದಿಂಡಾಗಿ ಎಳೆದು, ವಜ್ರದ ಪುಡಿ ಹಚ್ಚಿದ ತಂತಿಯಿಂದ ಕೂದಲೆಳೆಗಿಂತ ಸ್ವಲ್ಪ ದಪ್ಪದ ಬಿಲ್ಲೆಗಳಾಗಿ ಕೊಯ್ಯಬೇಕು. ಕೊಯ್ಯುವಾಗ ಸಾಕಷ್ಟು ಸಿಲಿಕಾನ್ ಪುಡಿಯಾಗಿ ಹೋಗುತ್ತದೆ. ಖರ್ಚಿನ ದೊಡ್ಡ ಪಾಲು ಈ ಸಿಲಿಕಾನಿನದೇ, ನಂತರದ್ದು ಗಾಜು ಮತ್ತು ಅಲ್ಯೂಮಿನಿಯಂ ಚೌಕಟ್ಟಿನದು. ಬಿಲ್ಲೆಗಳು ಈಗಿನದಕ್ಕಿಂತ ಎರಡು ಪಟ್ಟು ದಪ್ಪ ಇದ್ದ ಕಾಲದಲ್ಲಿ ಮಾಡಿದ ಲೆಕ್ಕಗಳು ಇಂದಿಗೂ ಚಾಲ್ತಿಯಲ್ಲಿವೆ. ಅರ್ಧ ತಕರಾರು ಹುಟ್ಟುವುದೇ ಅಲ್ಲಿಂದ.

ಈಗ ಒಂದು 400 ವಾಟ್ ಪ್ಯಾನೆಲ್ ತೆಗೆದುಕೊಳ್ಳೋಣ. ಬಿಸಿಲು ಚೆನ್ನಾಗಿರುವ ಜಾಗದಲ್ಲಿ ಅದು ವರ್ಷಕ್ಕೆ 560 ಯೂನಿಟ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಅದನ್ನು ತಯಾರಿಸಲು, ಸ್ಟ್ಯಾಂಡು, ಇನ್ವರ್ಟರು ಎಲ್ಲ ಸೇರಿ 1600 ಯೂನಿಟ್‌ನಷ್ಟು ಶಕ್ತಿ ಹಿಡಿದಿದೆ ಎನ್ನೋಣ. ಭಾಗಿಸಿದರೆ ಹತ್ತಿರ ಹತ್ತಿರ ಮೂರು ವರ್ಷ. ಹಲವರು ಎಡವುವುದು ಇಲ್ಲೇ. ಈ 1600 ಎನ್ನುವುದು ಕಲ್ಲಿದ್ದಲು, ಅನಿಲಗಳನ್ನು ಉರಿಸುವ ಮುಂಚಿನ ಕಚ್ಚಾ ಶಕ್ತಿಯ ಲೆಕ್ಕ, 560 ಎನ್ನುವುದು ತಂತಿಯಲ್ಲಿ ಹರಿಯುವ ವಿದ್ಯುತ್ತು. ವಿದ್ಯುತ್ ಸ್ಥಾವರಗಳ ದಕ್ಷತೆ ಶೇ 35 ಎಂದು ಹಿಡಿದರೆ, 560 ಯೂನಿಟ್ ವಿದ್ಯುತ್ತಿಗೆ ಅಲ್ಲಿ 1600 ಯೂನಿಟ್ ಕಚ್ಚಾ ಶಕ್ತಿ ಬೇಕು. ಹಾಗಾಗಿ ಸಾಲ ತೀರಲು ಒಂದೇ ವರ್ಷ. ಎರಡೂ ಲೆಕ್ಕದಲ್ಲಿ ಗಣಿತ ಸರಿಯಿದೆ, ಮೊದಲನೆಯದರಲ್ಲಿ ಅಳತೆ ತಪ್ಪಿದೆ.

ಇಂಗಾಲದ ಲೆಕ್ಕದ ದಾರಿಯೇ ಬೇರೆ. ಇದೇ ವ್ಯವಸ್ಥೆಯ ತಯಾರಿಕೆಯಲ್ಲಿ 340 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿದೆ ಎನ್ನೋಣ. ಸಿಲಿಕಾನ್ ಶುದ್ಧಿಯಾದದ್ದು ಜಲವಿದ್ಯುತ್ತಿನಲ್ಲಾದರೆ ಈ ಅಂಕಿ ಗಣನೀಯವಾಗಿ ಇಳಿಯುತ್ತದೆ, ಕಲ್ಲಿದ್ದಲಿನ ವಿದ್ಯುತ್ತಿನಲ್ಲಾದರೆ ಏರುತ್ತದೆ. ಖರ್ಚಾದ ಶಕ್ತಿ ಅಷ್ಟೇ ಇದ್ದರೂ ಹೊಗೆ ಬೇರೆ. ಇನ್ನು ತೀರಿಸುವ ಕಡೆ ನೋಡಿ. ಯೂನಿಟ್‌ಗೆ 700 ಗ್ರಾಂ ಉಗುಳುವ ಗ್ರಿಡ್‌ಗೆ ಇದನ್ನು ಜೋಡಿಸಿದರೆ ವರ್ಷಕ್ಕೆ 392 ಕಿಲೋ ತಪ್ಪುತ್ತದೆ, ಹತ್ತು-ಹನ್ನೊಂದು ತಿಂಗಳಲ್ಲಿ ಇಂಗಾಲದ ಸಾಲ ಚುಕ್ತಾ. ಆಗಲೇ ಶುದ್ಧವಾಗಿರುವ, ಯೂನಿಟ್‌ಗೆ 50 ಗ್ರಾಂ ಇರುವ ಗ್ರಿಡ್‌ನಲ್ಲಾದರೆ ತಪ್ಪುವುದು 28 ಕಿಲೋ ಮಾತ್ರ. ತೀರಲು ಹನ್ನೆರಡು ವರ್ಷ ಬೇಕು. ಗ್ರಿಡ್ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಾ ಹೋದರೆ ಪ್ಯಾನೆಲ್ ಮೂವತ್ತು ವರ್ಷ ಬಾಳುತ್ತದೆಂದು ಮೊದಲ ವರ್ಷದ ಉಳಿತಾಯವನ್ನೇ ಮೂವತ್ತರಿಂದ ಗುಣಿಸುವಂತೆಯೂ ಇಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಆಯುಷ್ಯ. ವರ್ಷಕ್ಕೆ ಶೇ 0.5ರಷ್ಟು ಇಳುವರಿ ಕುಗ್ಗುತ್ತದೆ ಎಂದು ಹಿಡಿದರೂ ಈ ಪ್ಯಾನೆಲ್ 30 ವರ್ಷದಲ್ಲಿ ಸುಮಾರು 15,600 ಯೂನಿಟ್ ಕೊಡುತ್ತದೆ. ಮಧ್ಯೆ ಬದಲಿಸಬೇಕಾಗುವ ಇನ್ವರ್ಟರನ್ನು ಬದಿಗಿಟ್ಟು, ತಯಾರಿಕೆಯ ಆ 340 ಕಿಲೋ ಇಂಗಾಲದ ಡೈಆಕ್ಸೈಡನ್ನು ಇಷ್ಟಕ್ಕೂ ಹಂಚಿದರೆ ಯೂನಿಟ್‌ಗೆ 22 ಗ್ರಾಂ ಬೀಳುತ್ತದೆ. ಹನ್ನೆರಡನೇ ವರ್ಷಕ್ಕೇ ಕಿತ್ತು ಹಾಕಿದರೆ ಅದು 52 ಗ್ರಾಂ ಆಗುತ್ತದೆ. ಕಲ್ಲಿದ್ದಲಿನ ಸುಮಾರು 1000 ಗ್ರಾಮಿನ ಮುಂದೆ ಎರಡೂ ಚಿಕ್ಕವೇ, ಆದರೆ ಎರಡು ಪಟ್ಟಿಗೂ ಮೀರಿದ ಈ ವ್ಯತ್ಯಾಸ ಕಾರ್ಖಾನೆಯದಲ್ಲ, ನಮ್ಮ ಕೈಯಲ್ಲಿರುವುದು.

ಒಮ್ಮೆ ಹನ್ನೆರಡು ವರ್ಷದ ಒಂದು ಸ್ಥಾವರವನ್ನು ಪರೀಕ್ಷಿಸಲು ಕರೆದಿದ್ದರು. ಇಳುವರಿ ಶೇ 20ರಷ್ಟು ಬಿದ್ದಿತ್ತು, ಎಲ್ಲ ಕಿತ್ತು ಹೊಸದು ಹಾಕುವುದೆಂದು ತೀರ್ಮಾನವೂ ಆಗಿತ್ತು. ಪ್ಯಾನೆಲ್‌ಗಳನ್ನು ಒರೆಸಿ ಒಂದೊಂದಾಗಿ ವೋಲ್ಟೇಜು, ಕರೆಂಟು ಅಳೆದಾಗ ಬಹುತೇಕವು ಹೊಸದಿದ್ದಾಗಿನದಕ್ಕಿಂತ ಶೇ 7ರಷ್ಟು ಮಾತ್ರ ಕುಗ್ಗಿದ್ದವು, ಅಂದರೆ ವಯಸ್ಸಿಗೆ ತಕ್ಕಷ್ಟು. ಉಳಿದ ನಷ್ಟ ದೂಳಿನದು ಮತ್ತು ಸಡಿಲಗೊಂಡು ಸುಟ್ಟಿದ್ದ ಕೆಲವು ಕನೆಕ್ಟರುಗಳದು. ಹಿಂಬದಿಯ ಹಾಳೆ ಬಿರಿದು ನೀರಿಳಿದಿದ್ದ ನಾಲ್ಕು ಪ್ಯಾನೆಲ್‌ಗಳನ್ನು ಮಾತ್ರ ತೆಗೆಸಿದೆ, ಅವುಗಳಿಂದ ಮಳೆಗಾಲದಲ್ಲಿ ಶಾಕ್ ಹೊಡೆಯುವ ಭಯವಿತ್ತು. ಉಳಿದವು ಈಗಲೂ ಓಡುತ್ತಿವೆ.