ಹೆಸರನ್ನು ಅಡ್ಡ ಓದಬೇಡಿ, ಉದ್ದ ಓದಿ

ತಾಲ್ಲೂಕು ಕಚೇರಿ ಎದುರಿನ ಸಾಲಿನಲ್ಲಿ ನನ್ನ ಮೇಜು. ಕನ್ನಡದ ದಾಖಲೆಗಳನ್ನು ಇಂಗ್ಲಿಷಿಗೆ ಅನುವಾದ ಮಾಡುವುದು, ಅರ್ಜಿ ಮತ್ತು ಅಫಿಡವಿಟ್ ಬರೆಯುವುದು ನನ್ನ ಕೆಲಸ. ಹೆಸರಿನ ತಕರಾರು ಹೊತ್ತು ಬರುವವರು ದಿನಕ್ಕೆ ಒಬ್ಬರಾದರೂ ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಮಾಡಿರುವುದು ಒಂದೇ ತಪ್ಪು. ಅದನ್ನು ಎಷ್ಟು ಸಲ ಹೇಳಿದರೂ ಸಾಲದು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹೋದ ವರ್ಷ ಒಬ್ಬ ಹೆಣ್ಣುಮಗಳು ಬಂದಿದ್ದರು. ತಂದೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಜಮೀನಿನ ಪೌತಿ ಖಾತೆಗೆ ಅರ್ಜಿ ಹಾಕಿದ್ದರು, ಅದು ವಾಪಸ್ ಬಂದಿತ್ತು. ಅವರ ತಂದೆಯ ನಿಜವಾದ ಹೆಸರು ಇಲ್ಲಿ ಬೇಡ, ಅಂಥದ್ದೇ ಇನ್ನೊಂದು ಇಟ್ಟುಕೊಳ್ಳೋಣ. ಪಹಣಿಯಲ್ಲಿ ‘ಕಾಳೇಗೌಡ’ ಅಂತ ಇತ್ತು. ಮರಣ ಪ್ರಮಾಣಪತ್ರದ ಕನ್ನಡ ಸಾಲಿನಲ್ಲಿ ‘ಕಾಲೇಗೌಡ’ ಅಂತ ಇತ್ತು. ಆಕೆ ಅದೇ ಪತ್ರದ ಇಂಗ್ಲಿಷ್ ಸಾಲಿನ ಮೇಲೆ ಬೆರಳಿಟ್ಟು, “ಅಪ್ಪನ ಹೆಸರು ಸರಿಯಾಗೇ ಇದೆಯಲ್ಲಾ ಸಾರ್, ಆಧಾರ್‌ನಲ್ಲೂ ಇದೇ ಇದೆ” ಅಂದರು. ಅಲ್ಲಿ KALEGOWDA ಅಂತ ಇತ್ತು. ಆಧಾರ್‌ನಲ್ಲೂ KALEGOWDA. ಅವರ ಮಾತು ನಿಜವೇ. ಆದರೆ ಪಹಣಿಯಲ್ಲಿ ಇಂಗ್ಲಿಷ್ ಇಲ್ಲವಲ್ಲ. ಪಹಣಿ ಇರುವುದು ಕನ್ನಡದಲ್ಲಿ. ಅಲ್ಲಿರುವುದು ಳ, ಇಲ್ಲಿರುವುದು ಲ. ಅರ್ಜಿ ನೋಡುವವರ ಕಣ್ಣಿಗೆ ಕಾಳೇಗೌಡರ ಜಮೀನಿಗೆ ಕಾಲೇಗೌಡರ ಸಾವಿನ ಪತ್ರ ಬಂದಿದೆ.

ಇದು ಹೇಗೆ ಆಯಿತು ಅಂತ ಹಿಂದಕ್ಕೆ ಹೋಗಿ ನೋಡಿದೆವು. ಸಾವಿನ ನೋಂದಣಿಗೆ ಮನೆಯವರು ಆಧಾರ್‌ನ ಜೆರಾಕ್ಸ್ ಕೊಟ್ಟಿದ್ದರು. ಅದರಲ್ಲಿ ಕನ್ನಡದ ಸಾಲು ಮಸುಕಾಗಿತ್ತು. ಹೆಸರನ್ನು ಇಂಗ್ಲಿಷಿನಲ್ಲಿ ನೋಡಿ ಟೈಪ್ ಮಾಡಿದ್ದಾರೆ, ಕನ್ನಡವನ್ನು ಆ ಇಂಗ್ಲಿಷಿನಿಂದ ಮಾಡಿಕೊಂಡಿದ್ದಾರೆ. ಯಾರದೂ ಕೆಟ್ಟ ಉದ್ದೇಶವಲ್ಲ. ಅಪ್ಪ ಹೋದ ದುಃಖದಲ್ಲಿ ಮನೆಯವರು ಪತ್ರ ಇಸ್ಕೊಂಡು ಬಂದರು, ಅಷ್ಟೇ.

ನಾನು ಹೇಳಬೇಕಾದ ವಿಷಯ ಇಲ್ಲೇ ಇದೆ. ಕನ್ನಡದ ಹೆಸರು ಒಮ್ಮೆ ಇಂಗ್ಲಿಷಿಗೆ ಹೋದ ಮೇಲೆ ಅಲ್ಲಿಂದ ಮರಳಿ ಕನ್ನಡಕ್ಕೆ ಬರಲು ದಾರಿ ಇಲ್ಲ. ನಮ್ಮ ಲ ಮತ್ತು ಳ ಎರಡಕ್ಕೂ ಅಲ್ಲಿರುವುದು ಒಂದೇ L. ನ, ಣ ಎರಡಕ್ಕೂ N. ದ, ಡ ಎರಡಕ್ಕೂ D. ಹ್ರಸ್ವ ಎ, ದೀರ್ಘ ಏ ಎರಡಕ್ಕೂ E. ಅ, ಆ ಎರಡಕ್ಕೂ ಸಾಮಾನ್ಯವಾಗಿ ಒಂದೇ A. KALA ಅಂತ ಬರೆದು ನನ್ನ ಮುಂದಿಟ್ಟರೆ ಅದು ಕಲಾ ಆಗಬಹುದು, ಕಾಲ ಆಗಬಹುದು, ಕಾಳ ಆಗಬಹುದು, ಕಳ ಕೂಡ ಆಗಬಹುದು. ನಿಮ್ಮ ಮುಖ ನೋಡಿ, ಊರು ಕೇಳಿ, ಮನೆದೇವರು ಕೇಳಿ ನಾನು ಊಹಿಸಬಹುದು. ಯಂತ್ರಕ್ಕೆ ಆ ಅನುಕೂಲ ಇಲ್ಲ.

TH ಕಥೆ ಇನ್ನೂ ಕಷ್ಟದ್ದು. ನಮ್ಮ ಕಡೆ ಟ ಅಕ್ಷರಕ್ಕೆ T ಇಟ್ಟುಕೊಂಡು, ತ ಅಕ್ಷರಕ್ಕೆ TH ಬರೆಯುವ ರೂಢಿ ಇದೆ. SAVITHA, BHARATHI, PADMAVATHI ಎಲ್ಲ ಹಾಗೆ ಬಂದವು. ಉತ್ತರ ಭಾರತದಲ್ಲಿ TH ಅಂದರೆ ಥ. ಆ ಲೆಕ್ಕದಲ್ಲಿ ಮರಳಿ ಕನ್ನಡ ಮಾಡಿದರೆ ಭಾರತಿ ಹೋಗಿ ‘ಭಾರಥಿ’ ಆಗುತ್ತಾಳೆ. ಹಾಗಂತ TH ಇರುವ ಕಡೆಯೆಲ್ಲ ತ ಹಾಕಿಬಿಟ್ಟರೂ ಸರಿಹೋಗುವುದಿಲ್ಲ, ಮಂಜುನಾಥನಲ್ಲಿ ಇರುವುದು ನಿಜವಾದ ಥ.

ವಿದ್ವಾಂಸರ ಬಳಿ ಇದಕ್ಕೆ ಪರಿಹಾರ ಇದೆ. ಳ ಬರೆಯಲು L ಅಕ್ಷರದ ಕೆಳಗೆ ಚುಕ್ಕೆ, ಆ ಬರೆಯಲು A ಮೇಲೆ ಗೆರೆ ಹಾಕುವ ಪದ್ಧತಿ ಇದೆ. ಆದರೆ ಕಚೇರಿ ಕಾಗದಗಳಲ್ಲಿ ಅದು ನಡೆಯುವುದಿಲ್ಲ. ನಿಮ್ಮ ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲು ಇರುತ್ತವೆ, ನೋಡಿ. ಅಲ್ಲಿ A ಇಂದ Z ತನಕದ ಅಕ್ಷರ, ಅಂಕಿ ಮತ್ತು < ಚಿಹ್ನೆ ಬಿಟ್ಟು ಬೇರೇನೂ ಬರುವ ಹಾಗಿಲ್ಲ. ಚುಕ್ಕೆ, ಗೆರೆ ಎಲ್ಲಾ ಬಿದ್ದುಹೋಗುತ್ತವೆ.

ಹಾಗಾಗಿ ನಿಮ್ಮ ಹೆಸರು ಒಂದಲ್ಲ, ಒಂದು ಜೋಡಿ ಅಂತ ತಿಳಿದುಕೊಳ್ಳಿ. ಕನ್ನಡದಲ್ಲಿ ಒಂದು ಬರಹ, ಇಂಗ್ಲಿಷಿನಲ್ಲಿ ಒಂದು ಬರಹ. ಎರಡೂ ಸ್ವತಂತ್ರ. ಒಂದರಿಂದ ಇನ್ನೊಂದನ್ನು ಪ್ರತಿ ಸಲ ಹೊಸದಾಗಿ ಮಾಡಿಕೊಳ್ಳಬಾರದು. ಕನ್ನಡವನ್ನು ಹಳೆಯ ಕನ್ನಡ ದಾಖಲೆಯಿಂದ ನೋಡಿ ಬರೆಯಬೇಕು, ಇಂಗ್ಲಿಷನ್ನು ಹಳೆಯ ಇಂಗ್ಲಿಷ್ ದಾಖಲೆಯಿಂದ ನೋಡಿ ಬರೆಯಬೇಕು. ಹೊಸ ಪತ್ರ ಕೈಗೆ ಬಂದಾಗ ನೀವು ಒಂದೇ ಪತ್ರದಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಓದಿ ‘ಸರಿ ಇದೆ’ ಅಂತೀರಿ. ಅದು ಅಡ್ಡ ಓದು. ಅಡ್ಡ ಓದಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ, ಕಾಲೇಗೌಡ ಮತ್ತು KALEGOWDA ನಡುವೆ ಏನು ತಪ್ಪಿದೆ ಹೇಳಿ? ಹಳೆಯ ಪತ್ರದ ಕೆಳಗೆ ಹೊಸ ಪತ್ರ ಇಟ್ಟು ಉದ್ದಕ್ಕೆ ಓದಿ. ಕನ್ನಡದ ಕೆಳಗೆ ಕನ್ನಡ, ಇಂಗ್ಲಿಷಿನ ಕೆಳಗೆ ಇಂಗ್ಲಿಷ್, ಒಂದೊಂದೇ ಅಕ್ಷರ. ಆಗ ಳ ಜಾಗದಲ್ಲಿ ಲ ಕೂತಿರುವುದು ತಕ್ಷಣ ಕಣ್ಣಿಗೆ ಬೀಳುತ್ತದೆ.

ಇದರ ಉಲ್ಟಾ ಕೂಡ ನಡೆಯುತ್ತದೆ. ಮಂಜುನಾಥ ಅಂತ ಕನ್ನಡದಲ್ಲಿ ಎಲ್ಲಾ ಕಡೆ ಸರಿಯಾಗಿ ಇರುತ್ತದೆ. ಅಂಕಪಟ್ಟಿಯಲ್ಲಿ MANJUNATHA, ಪಾನ್ ಕಾರ್ಡಿನಲ್ಲಿ MANJUNATH. ಕನ್ನಡದ ಕಾಗದಗಳಷ್ಟೇ ಓಡಾಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ವೀಸಾಗೆ ಅರ್ಜಿ ಹಾಕಿದ ದಿನ ಆ ಕೊನೆಯ A ಎದ್ದು ನಿಲ್ಲುತ್ತದೆ. ಒಂದು ಲಿಪಿಯಲ್ಲಿ ಅಡಗಿದ ತಪ್ಪು ಇನ್ನೊಂದು ಲಿಪಿಯಲ್ಲಿ ಬಯಲಾಗುತ್ತದೆ ಅಂತ ಇಷ್ಟು ವರ್ಷದಲ್ಲಿ ಕಂಡುಕೊಂಡಿದ್ದೇನೆ.

ಇಂಗ್ಲಿಷ್ ಕಡೆ ಇನ್ನೊಂದು ಸಮಸ್ಯೆ ಅಂದರೆ ‘ಸರಿ ಮಾಡುವ’ ಚಟ. ಧಾರವಾಡದ ಕಡೆಯ ಹುಡುಗಿ LAXMI ಅಂತ ಶಾಲೆಯಿಂದಲೂ ಬರೆದುಕೊಂಡು ಬಂದಿರುತ್ತಾಳೆ. ಮದುವೆಯಾಗಿ ನಮ್ಮ ಕಡೆ ಬಂದಾಗ ಯಾರೋ ಓದಿದವರು “ಅದು ತಪ್ಪು ಕಣಮ್ಮಾ, LAKSHMI ಅಂತಿರಬೇಕು” ಅಂದು ಹೊಸ ಅರ್ಜಿಯಲ್ಲಿ ತಿದ್ದುತ್ತಾರೆ. ಅಲ್ಲಿಯ GOUDA ಇಲ್ಲಿ GOWDA ಆಗುತ್ತದೆ. SWAMY, SWAMI, MURTHY, MURTHI ಎಲ್ಲದಕ್ಕೂ ಇದೇ ಗತಿ. ದಯವಿಟ್ಟು ಕೇಳಿ: ಹೆಸರಿನ ಇಂಗ್ಲಿಷ್ ಬರಹದಲ್ಲಿ ತಪ್ಪು ಸರಿ ಅನ್ನುವುದು ಇಲ್ಲ. ಮೊದಲ ದಾಖಲೆಯಲ್ಲಿ ಹೇಗಿದೆಯೋ ಅದೇ ಸರಿ. ಉಚ್ಚಾರಣೆಗೆ ಹೊಂದದಿದ್ದರೂ ಅದೇ ಸರಿ. ನನ್ನ ಅನುವಾದದಲ್ಲೂ ನಾನು ಹೆಸರನ್ನು ಅನುವಾದ ಮಾಡುವುದಿಲ್ಲ, ನಕಲು ಮಾಡುತ್ತೇನೆ. ಜನ್ಮ ಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ, ಮೊದಲು ಪಾಸ್‌ಪೋರ್ಟ್ ತೋರಿಸಿ ಅಂತೀನಿ. ಅದರಲ್ಲಿರುವ ಇಂಗ್ಲಿಷೇ ಅನುವಾದಕ್ಕೂ ಹೋಗುತ್ತದೆ. ಆದರೆ ಕನ್ನಡದಲ್ಲಿ ಇರುವ ಹೆಸರೇ ಬೇರೆ ಆಗಿದ್ದರೆ, ಉದಾಹರಣೆಗೆ ಮಂಜುನಾಥ ಬದಲು ಮಂಜಪ್ಪ ಅಂತಿದ್ದರೆ, ಪಾಸ್‌ಪೋರ್ಟ್ ನೋಡಿ ನಾನು ಬದಲಿಸಲಾರೆ. ಅದು ಅನುವಾದವಲ್ಲ, ದಾಖಲೆ ತಿದ್ದಿದ ಹಾಗೆ. ಇದಕ್ಕೆ ಎಷ್ಟೋ ಜನ ನನ್ನ ಮೇಲೆ ಬೇಜಾರು ಮಾಡಿಕೊಂಡಿದ್ದಾರೆ.

ಇನಿಷಿಯಲ್ ವಿಷಯ ಬೇಗ ಹೇಳಿಬಿಡುತ್ತೇನೆ. ಪಾನ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವ ಹಾಗಿಲ್ಲ, ಬಿಡಿಸಿ ಬರೆಯಬೇಕು. ಊರಿನ ಹೆಸರೋ, ತಂದೆಯ ಹೆಸರೋ, ಬಿಡಿಸಿದ ರೂಪವೂ ನಿಮ್ಮ ಜೋಡಿಯ ಭಾಗವೇ. ಅದನ್ನೂ ಒಂದು ಸಲ ತೀರ್ಮಾನ ಮಾಡಿ ಬರೆದಿಟ್ಟುಕೊಳ್ಳಿ.

ಮತ್ತೆ ಆ ಹೆಣ್ಣುಮಗಳ ವಿಷಯಕ್ಕೆ ಬರುತ್ತೇನೆ. ಅವರು ಕೇಳಿದ್ದು ಅಫಿಡವಿಟ್. ಕಾಳೇಗೌಡ, ಕಾಲೇಗೌಡ ಇಬ್ಬರೂ ಒಬ್ಬರೇ ಅಂತ ಬರೆದು ನೋಟರಿ ಮಾಡಿಸಿಕೊಡಿ ಅಂದರು. ಬರೆದುಕೊಡುವುದು ನನಗೆ ಸುಲಭ, ನಾಲ್ಕು ಕಾಸೂ ಸಿಗುತ್ತದೆ. ಆದರೆ ಅಫಿಡವಿಟ್ ಯಾವ ದಾಖಲೆಯನ್ನೂ ತಿದ್ದುವುದಿಲ್ಲ. ಎರಡು ದಾಖಲೆಗಳ ನಡುವಿನ ವ್ಯತ್ಯಾಸಕ್ಕೆ ವಿವರಣೆ ಕೊಡುತ್ತದೆ, ಅಷ್ಟೇ. ಒಂದು ಕಚೇರಿ ಒಪ್ಪಬಹುದು, ಇನ್ನೊಂದು ಒಪ್ಪದೇ ಇರಬಹುದು. ಪೌತಿ ಖಾತೆಗೆ ಒಂದು, ಬ್ಯಾಂಕಿಗೆ ಒಂದು, ವಿಮೆಗೆ ಒಂದು ಅಂತ ತಿರುಗುತ್ತಲೇ ಇರಬೇಕು.

ಎಲ್ಲಾ ಕಾಗದ ಮೇಜಿನ ಮೇಲೆ ಹರಡಿ ಉದ್ದಕ್ಕೆ ಓದಿದೆವು. ಪಹಣಿ, ಹಳೇ ರೇಷನ್ ಕಾರ್ಡು, ಮತದಾರರ ಪಟ್ಟಿ, ಆಕೆಯ ಶಾಲೆಯ ವರ್ಗಾವಣೆ ಪತ್ರದಲ್ಲಿ ತಂದೆಯ ಹೆಸರು. ನಾಲ್ಕರಲ್ಲೂ ಳ. ಲ ಇದ್ದದ್ದು ಮರಣ ಪ್ರಮಾಣಪತ್ರದಲ್ಲಿ ಮಾತ್ರ. ಅಂದರೆ ತಿದ್ದಬೇಕಾದದ್ದು ಒಂದೇ. ಪಹಣಿ ಮುಟ್ಟುವ ಅಗತ್ಯವೇ ಇಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಗಾಬರಿಯಲ್ಲಿ ಸರಿಯಿರುವ ದಾಖಲೆಯನ್ನೇ ತಪ್ಪಿಗೆ ಹೊಂದಿಸಿಕೊಂಡವರನ್ನು ನೋಡಿದ್ದೇನೆ. ಅವರ ಕಷ್ಟ ಒಂದಕ್ಕೆ ಐದಾಯಿತು.

ಜನನ ಮರಣ ನೋಂದಣಿಯ 1969ರ ಕಾಯ್ದೆಯಲ್ಲಿ 15ನೇ ಕಲಂ ಇದೆ. ನಮೂದಿನಲ್ಲಿ ತಪ್ಪಿದೆ ಅಂತ ನೋಂದಣಾಧಿಕಾರಿಗೆ ಮನವರಿಕೆಯಾದರೆ ಅದನ್ನು ತಿದ್ದಬಹುದು. ಮೂಲ ನಮೂದನ್ನು ಅಳಿಸುವುದಿಲ್ಲ. ಅಂಚಿನಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮಾಡಿ, ದಿನಾಂಕ ಹಾಕುತ್ತಾರೆ. ನಾವು ಅರ್ಜಿಯಲ್ಲಿ ‘ಹೆಸರು ಬದಲಾವಣೆ’ ಅಂತ ಬರೆಯಲಿಲ್ಲ. ‘ಕನ್ನಡ ನಮೂದಿನಲ್ಲಿ ಳ ಬದಲು ಲ ಆಗಿದೆ, ಇಂಗ್ಲಿಷ್ ನಮೂದು ಸರಿಯಿದೆ’ ಅಂತ ಬರೆದು ನಾಲ್ಕು ಕಾಗದದ ನಕಲು ಲಗತ್ತಿಸಿದೆವು. ಮೂರು ವಾರದಲ್ಲಿ ತಿದ್ದಿದ ಪತ್ರ ಬಂತು. ಎಲ್ಲರಿಗೂ ಇಷ್ಟು ಬೇಗ ಆಗುತ್ತದೆ ಅಂತ ನಾನು ಹೇಳಲಾರೆ. ಸಾಕ್ಷಿ ಕಾಗದ ಎಷ್ಟಿದೆ, ಅಧಿಕಾರಿ ಏನು ಕೇಳುತ್ತಾರೆ ಅನ್ನುವುದರ ಮೇಲೆ ನಿಂತಿದೆ.

ಬದುಕಿರುವವರು ಆಧಾರ್ ತಿದ್ದಿಸುವಾಗ ಇನ್ನೂ ಎಚ್ಚರವಾಗಿರಬೇಕು. ಅಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಕೇಂದ್ರದಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹಾಗೆ ಪಕ್ಕದಲ್ಲಿ ಕನ್ನಡ ತಾನೇ ಮೂಡುತ್ತದೆ. ಅದು ಊಹೆ, ನಿಮ್ಮ ಹೆಸರಲ್ಲ. ಸಲ್ಲಿಸುವ ಮುಂಚೆ ಪರದೆ ತೋರಿಸಿ ಅಂತ ಕೇಳಿ, ಕನ್ನಡದ ಸಾಲನ್ನು ನಿಮ್ಮ ಹಳೇ ಕನ್ನಡ ಕಾಗದದ ಜೊತೆ ಇಟ್ಟು ನೋಡಿ. ಹಿಂದೆ ಜನ ನಿಂತಿದ್ದರೂ ಪರವಾಗಿಲ್ಲ, ಅರ್ಧ ನಿಮಿಷ ಕಾಯುತ್ತಾರೆ.

ಮನೆಯಲ್ಲಿ ಹೊಸ ಮಗು ಬಂದಿದ್ದರೆ ನಿಮಗೆ ಈ ರಗಳೆ ಶುರುವಾಗುವ ಮುಂಚೆಯೇ ತಡೆಯುವ ಅವಕಾಶ ಇದೆ. ಹೆಸರಿಡುವ ಮುಂಚೆಯೇ ಜನನ ನೋಂದಣಿ ಆಗಿರುತ್ತದೆ ಅಲ್ವಾ? ಹೆಸರನ್ನು ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆ ಅರ್ಜಿಗೆ ಬಾಯಲ್ಲಿ ಹೇಳಿ ಬರಬೇಡಿ. ಒಂದು ಚೀಟಿಯಲ್ಲಿ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡ, ಕೆಳಗೆ ದೊಡ್ಡಕ್ಷರದ ಇಂಗ್ಲಿಷ್ ಬರೆದುಕೊಂಡು ಹೋಗಿ ಕೊಡಿ. ಎಲ್ಲಿ ಜಾಗ ಬಿಡಬೇಕು, ಇನಿಷಿಯಲ್ ಹೆಸರಿನ ಮುಂದೋ ಹಿಂದೋ, ಅದೂ ಚೀಟಿಯಲ್ಲಿ ಇರಲಿ. ಪತ್ರ ಬಂದ ಮೇಲೆ ಅದೇ ಚೀಟಿಯನ್ನು ಪಕ್ಕದಲ್ಲಿಟ್ಟು ಹೋಲಿಸಿ. ಆಮೇಲೆ ಚೀಟಿ ಬಿಸಾಡಬೇಡಿ, ಪ್ರಮಾಣಪತ್ರದ ಜೊತೆಗೇ ಪಿನ್ ಮಾಡಿಡಿ. ಆರನೇ ವರ್ಷಕ್ಕೆ ಶಾಲೆಯ ದಾಖಲಾತಿ ಪುಸ್ತಕ ತೆರೆದು ಮೇಷ್ಟ್ರು “ಹೆಸರು ಹೇಳಿ” ಅಂದಾಗ ಬೇಕಾಗುವುದು ಅದೇ ಚೀಟಿ.