ಹತ್ತಿ, ಬೆಂಕಿ ಮತ್ತು ಹೊರಳದ ನಾಲಿಗೆ

1095ರ ಬೇಸಿಗೆ. ಬಾಗ್ದಾದಿನ ನಿಜಾಮಿಯ್ಯಾ ಮದರಸಾದಲ್ಲಿ ಪಾಠಕ್ಕೆ ಕುಳಿತ ಅಧ್ಯಾಪಕರ ನಾಲಿಗೆ ಹೊರಳಲಿಲ್ಲ. ದೂರದಿಂದ ಬಂದ ವಿದ್ಯಾರ್ಥಿಗಳ ಮನಸ್ಸು ನೋಯಬಾರದೆಂದು ಒಂದು ದಿನದ ಮಟ್ಟಿಗಾದರೂ ಮಾತಾಡೋಣವೆಂದು ಹೆಣಗಿದರು. ಒಂದು ಅಕ್ಷರವೂ ಹೊರಡಲಿಲ್ಲ. ಆಮೇಲೆ ಊಟವೂ ನಿಂತಿತು. ಒಂದು ಗುಟುಕು ನೀರು ಇಳಿಯುತ್ತಿರಲಿಲ್ಲ, ಒಂದು ತುತ್ತು ಅರಗುತ್ತಿರಲಿಲ್ಲ. ವೈದ್ಯರು ಬಂದು ನೋಡಿ ಕೈಚೆಲ್ಲಿದರು. ಇದು ಹೃದಯದಲ್ಲಿ ಹುಟ್ಟಿ ದೇಹಕ್ಕೆ ಇಳಿದ ರೋಗ, ಮನಸ್ಸಿನ ಚಿಂತೆ ಕಳೆಯದೆ ಮದ್ದು ನಾಟುವುದಿಲ್ಲ ಎಂದರು.

ರೋಗಿಯ ಹೆಸರು ಅಬೂ ಹಾಮಿದ್ ಗಝಾಲಿ, ವಯಸ್ಸು 37ರ ಆಸುಪಾಸು. ಇಂದಿನ ಇರಾನಿನ ಖುರಾಸಾನದ ತೂಸ್ ಎಂಬ ಊರಿನಲ್ಲಿ 1058ರ ಸುಮಾರಿಗೆ ಹುಟ್ಟಿದವರು. ಸೆಲ್ಜುಕ್ ಸಾಮ್ರಾಜ್ಯದ ವಜೀರ ನಿಜಾಮ್ ಉಲ್ ಮುಲ್ಕ್ ಇವರನ್ನು 1091ರಲ್ಲಿ ಬಾಗ್ದಾದಿನ ಈ ಪೀಠಕ್ಕೆ ನೇಮಿಸಿದ್ದ. ಮುನ್ನೂರು ವಿದ್ಯಾರ್ಥಿಗಳು, ಖಲೀಫನ ಅರಮನೆಯಲ್ಲಿ ಮನ್ನಣೆ, ವಾದಕ್ಕೆ ನಿಂತರೆ ಎದುರಾಳಿಯೇ ಇಲ್ಲದ ಕೀರ್ತಿ. ಆ ಕಾಲದ ವಿದ್ವಾಂಸನೊಬ್ಬ ಅದಕ್ಕಿಂತ ಮೇಲೆ ಏರಬಹುದಾದ ಮೆಟ್ಟಿಲು ಇರಲಿಲ್ಲ.

ಗಝಾಲಿಯವರ ಹೆಸರು ಬಂದ ಕೂಡಲೇ ಒಂದು ಮಾತು ತೇಲಿಬರುತ್ತದೆ: ಅರಬ್ ವಿಜ್ಞಾನದ ಸುವರ್ಣಯುಗಕ್ಕೆ ಕೊಳ್ಳಿ ಇಟ್ಟವರು ಇವರೇ, ಇವರು ಕಾರಣ-ಕಾರ್ಯದ ನಿಯಮವನ್ನು ಅಲ್ಲಗಳೆದರು, ಆಮೇಲೆ ಯಾರೂ ಆಕಾಶ ನೋಡಲಿಲ್ಲ. ವಿಜ್ಞಾನದ ಪರವಾಗಿ ಮಾತಾಡುವವರೇ ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಗಝಾಲಿಯವರ ಪುಸ್ತಕವನ್ನು ತೆರೆದವರಿಗೆ ಸಿಗುವುದು ಬೇರೆಯೇ ಚಿತ್ರ. ಆ ಬೇಸಿಗೆಯ ರೋಗಕ್ಕೂ ಈ ಕಾರಣ-ಕಾರ್ಯದ ವಾದಕ್ಕೂ ಬೇರು ಒಂದೇ. ಒಂದು ಸಂಗತಿ ನನಗೆ ‘ಗೊತ್ತಿದೆ’ ಎಂದು ಯಾವಾಗ ಹೇಳಬಹುದು?

ಈ ಪ್ರಶ್ನೆ ಅವರನ್ನು ಮೊದಲೇ ಒಮ್ಮೆ ಹಿಡಿದು ಕಾಡಿತ್ತು. ‘ಅಲ್ ಮುನ್ಕಿದ್’ ಎಂಬ ಆತ್ಮಕಥೆಯಂಥ ಪುಸ್ತಕದಲ್ಲಿ ಅದನ್ನು ಬರೆದಿದ್ದಾರೆ. ಕಣ್ಣನ್ನು ನಂಬೋಣವೆಂದರೆ, ನೆರಳನ್ನು ನೋಡಿ ಅದು ನಿಂತಿದೆ ಎನ್ನುತ್ತದೆ. ಒಂದು ಗಂಟೆ ಬಿಟ್ಟು ನೋಡಿದರೆ ನೆರಳು ಜರುಗಿರುತ್ತದೆ, ಕ್ಷಣವೂ ನಿಲ್ಲದೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಯುತ್ತಲೇ ಇರುತ್ತದೆ. ನಕ್ಷತ್ರ ದೀನಾರಿನಷ್ಟು ಚಿಕ್ಕದು ಎನ್ನುತ್ತದೆ ಕಣ್ಣು, ಭೂಮಿಗಿಂತ ದೊಡ್ಡದು ಎಂದು ರೇಖಾಗಣಿತ ಸಾಧಿಸುತ್ತದೆ. ಹಾಗಾದರೆ ಕಣ್ಣನ್ನು ಬಿಟ್ಟು ಬುದ್ಧಿಯನ್ನು ನಂಬೋಣ. ಆದರೆ ಕಣ್ಣಿನ ತಪ್ಪನ್ನು ಬುದ್ಧಿ ಹಿಡಿದಂತೆ ಬುದ್ಧಿಯ ತಪ್ಪನ್ನು ಹಿಡಿಯುವ ಮತ್ತೊಂದು ನ್ಯಾಯಾಧೀಶ ಇಲ್ಲವೆಂದು ಹೇಗೆ ಹೇಳುವುದು? ಕನಸಿನೊಳಗೆ ಇರುವಷ್ಟು ಹೊತ್ತು ಕನಸೂ ನಿಜವೇ ಅಲ್ಲವೇ? ಈ ಸಂಶಯ ಹತ್ತಿರ ಹತ್ತಿರ ಎರಡು ತಿಂಗಳು ಅವರನ್ನು ಬಿಡಲಿಲ್ಲ. ವಾದದಿಂದ ಅದು ಗುಣವಾಗಲಿಲ್ಲ, ದೇವರು ಎದೆಯೊಳಗೆ ಹಾಕಿದ ಬೆಳಕಿನಿಂದ ಗುಣವಾಯಿತು ಎಂದು ಅವರೇ ಹೇಳುತ್ತಾರೆ. ಆಗ ಬುದ್ಧಿಯ ಮೂಲ ಸತ್ಯಗಳ ಮೇಲೆ ಮತ್ತೆ ನಂಬಿಕೆ ಬಂತು.

ಈಗ ಹತ್ತಿಯ ವಿಷಯಕ್ಕೆ ಬರೋಣ. ಇದನ್ನು ನಿಧಾನವಾಗಿ ನೋಡಬೇಕು. 1095ರ ಆರಂಭದಲ್ಲಿ, ನಾಲಿಗೆ ಕಟ್ಟುವ ಕೆಲವೇ ತಿಂಗಳ ಮೊದಲು, ಗಝಾಲಿ ‘ತಹಾಫುತ್ ಅಲ್ ಫಲಾಸಿಫ’ ಎಂಬ ಗ್ರಂಥವನ್ನು ಮುಗಿಸಿದರು. ಗ್ರೀಕ್ ಚಿಂತನೆಯನ್ನು ಬೆಳೆಸಿದ ಇಬ್ನ್ ಸೀನಾ ಪರಂಪರೆಯ ತತ್ತ್ವಜ್ಞಾನಿಗಳ ಇಪ್ಪತ್ತು ಪ್ರತಿಪಾದನೆಗಳನ್ನು ಒಂದೊಂದಾಗಿ ತೆಗೆದುಕೊಂಡು, ನೀವು ಗಣಿತದಷ್ಟು ಖಚಿತವೆಂದು ಹೇಳಿಕೊಳ್ಳುವ ಇವು ಸಿದ್ಧವಾಗಿಲ್ಲ ಎಂದು ತೋರಿಸುವ ಪುಸ್ತಕ. ಹದಿನೇಳನೆಯ ಚರ್ಚೆಯಲ್ಲಿ ಒಂದು ಹಿಡಿ ಹತ್ತಿ ಬೆಂಕಿಯನ್ನು ತಾಗುತ್ತದೆ, ಉರಿಯುತ್ತದೆ. ಬೆಂಕಿಯೇ ಹತ್ತಿಯನ್ನು ಸುಟ್ಟಿತು ಎಂಬುದಕ್ಕೆ ಏನು ಪುರಾವೆ? ನೀವು ಕಂಡದ್ದು ಎರಡೇ: ಬೆಂಕಿ ತಾಗಿತು, ಹತ್ತಿ ಉರಿಯಿತು. ತಾಗಿದ್ದರ ಜೊತೆಯಲ್ಲಿ ಉರಿದದ್ದನ್ನು ಕಂಡಿರೇ ಹೊರತು, ತಾಗಿದ್ದರಿಂದಲೇ ಉರಿಯಲೇಬೇಕು ಎಂಬ ಅನಿವಾರ್ಯತೆಯನ್ನು ಕಣ್ಣಾರೆ ಕಂಡಿಲ್ಲ.

ನಮಗೆ ಇದು ಅಜ್ಜಿಯ ಕೋಳಿಯ ಕಥೆಯಿಂದ ತಿಳಿಯುತ್ತದೆ. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ಆಕೆ ನಂಬಿದ್ದಳು. ದಿನವೂ ಜೊತೆಯಾಗಿ ನಡೆಯುವ ಎರಡು ಸಂಗತಿಗಳಲ್ಲಿ ಒಂದು ಇನ್ನೊಂದನ್ನು ಹುಟ್ಟಿಸಲೇಬೇಕೆಂದಿಲ್ಲ. ಗಝಾಲಿ ಕೊಡುವ ಉದಾಹರಣೆ ಇನ್ನೂ ಸೂಕ್ಷ್ಮ. ಹುಟ್ಟು ಕುರುಡನೊಬ್ಬನ ಕಣ್ಣಿನ ಪೊರೆ ಹಗಲು ಹೊತ್ತಿನಲ್ಲಿ ಕಳಚಿತು ಎಂದುಕೊಳ್ಳಿ. ಬಣ್ಣಗಳು ಕಂಡವು. ಕಣ್ಣು ತೆರೆದದ್ದೇ ಬಣ್ಣ ಕಾಣಲು ಪೂರ್ಣ ಕಾರಣ ಎಂದು ಅವನು ತೀರ್ಮಾನಿಸುತ್ತಾನೆ, ಕಣ್ಣು ಸರಿ ಇರುವವರೆಗೆ ಕಾಣದಿರಲು ಸಾಧ್ಯವೇ ಇಲ್ಲ ಎನ್ನುತ್ತಾನೆ. ಸಂಜೆ ಸೂರ್ಯ ಮುಳುಗಿದಾಗ ಮಾತ್ರ, ತನಗೆ ಗೊತ್ತೇ ಇಲ್ಲದ ಮೂರನೆಯದೊಂದು ಇಡೀ ದಿನ ಅಲ್ಲಿತ್ತು ಎಂದು ಅವನಿಗೆ ಹೊಳೆಯುತ್ತದೆ. ಇಂದು ಪ್ರಯೋಗ ಮಾಡುವ ಪ್ರತಿಯೊಬ್ಬರಿಗೂ ಈ ಸಂಜೆಯ ಅನುಭವ ಆಗಿರುತ್ತದೆ. ಬದಲಾಗದೆ ಇರುವ ಅಂಶ ಎಷ್ಟೇ ಮುಖ್ಯವಾಗಿದ್ದರೂ ಅದು ತಪ್ಪುವವರೆಗೆ ಕಣ್ಣಿಗೆ ಬೀಳುವುದಿಲ್ಲ.

ಗಝಾಲಿಯವರ ಪ್ರಕಾರ ಆ ಮೂರನೆಯದು ದೇವರ ಇಚ್ಛೆ. ಹಾಗಾದರೆ ಲೋಕದಲ್ಲಿ ಏನು ಬೇಕಾದರೂ ಆಗಬಹುದಲ್ಲ ಎಂಬ ಆಕ್ಷೇಪವನ್ನು ಅವರೇ ಎತ್ತಿಕೊಳ್ಳುತ್ತಾರೆ, ಎದುರಾಳಿ ಹೇಳುವುದಕ್ಕಿಂತ ಚೆನ್ನಾಗಿಯೇ ಹೇಳುತ್ತಾರೆ. ಮನೆಯಲ್ಲಿ ಬಿಟ್ಟುಬಂದ ಪುಸ್ತಕ ಹುಡುಗನಾಗಿರಬಹುದು, ಬಿಟ್ಟುಬಂದ ಹುಡುಗ ನಾಯಿಯಾಗಿರಬಹುದು, ನೀರಿನ ಮಡಕೆ ಸೇಬಿನ ಮರವಾಗಿರಬಹುದು! ಉತ್ತರವೆಂದರೆ, ಸಾಧ್ಯ ಎಂಬುದು ಬೇರೆ, ನಡೆಯುತ್ತದೆ ಎಂಬುದು ಬೇರೆ. ದೇವರು ಲೋಕವನ್ನು ಒಂದು ವಾಡಿಕೆಯಂತೆ ನಡೆಸುತ್ತಾನೆ, ಆ ವಾಡಿಕೆಯ ಅರಿವನ್ನೂ ನಮ್ಮೊಳಗೆ ಇಟ್ಟಿದ್ದಾನೆ. ಆದ್ದರಿಂದ ಪುಸ್ತಕ ಪುಸ್ತಕವಾಗಿಯೇ ಇರುತ್ತದೆ ಎಂದು ನಾವು ನಿಶ್ಚಿಂತೆಯಿಂದ ಮನೆಗೆ ಹೋಗುತ್ತೇವೆ. ಅದೇ ಅಧ್ಯಾಯದಲ್ಲಿ ಇನ್ನೊಂದು ದಾರಿಯನ್ನೂ ತೆರೆದಿಡುತ್ತಾರೆ: ಬೆಂಕಿಗೆ ಸುಡುವ ಗುಣವಿದೆ ಎಂದೇ ಒಪ್ಪಿಕೊಳ್ಳೋಣ, ಆದರೂ ಅಭ್ರಕದಂಥ ಖನಿಜದ ಪುಡಿ ಬಳಿದುಕೊಂಡವನನ್ನು ಉರಿ ಮುಟ್ಟದು. ನಮಗೆ ತಿಳಿಯದ ಇಂಥ ತಡೆ ಇನ್ನೆಷ್ಟಿವೆಯೋ! ಅವರ ನಿಜವಾದ ನಿಲುವು ಎರಡರಲ್ಲಿ ಯಾವುದು ಎಂಬ ಬಗ್ಗೆ ವಿದ್ವಾಂಸರ ಜಗಳ ಇಂದಿಗೂ ಮುಗಿದಿಲ್ಲ. ಕಾರಣಗಳನ್ನು ಕಿತ್ತುಹಾಕಿದವನು ಬುದ್ಧಿಯನ್ನೇ ಕಿತ್ತುಹಾಕಿದಂತೆ ಎಂದು ಮುಂದಿನ ಶತಮಾನದಲ್ಲಿ ಸ್ಪೇನಿನ ತತ್ತ್ವಜ್ಞಾನಿ ಇಬ್ನ್ ರುಶ್ದ್ ತಿರುಗೇಟು ಕೊಟ್ಟರು. ಆ ಆಕ್ಷೇಪದಲ್ಲಿ ತೂಕವಿದೆ. ಆದರೂ ಕಾಣುವುದು ಜೊತೆಗೂಡುವಿಕೆ ಮಾತ್ರ, ಅನಿವಾರ್ಯತೆ ಅಲ್ಲ ಎಂಬ ಗಝಾಲಿಯ ಮಾತನ್ನು ಆರೂವರೆ ಶತಮಾನಗಳ ನಂತರ ದೇವರ ಪ್ರಸ್ತಾಪವಿಲ್ಲದೆ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಕೂಡ ಹೇಳಿದರು.

ಇದೇ ‘ತಹಾಫುತ್’ ಗ್ರಂಥದ ಪೀಠಿಕೆಯಲ್ಲಿ ಗ್ರಹಣದ ಮಾತಿದೆ. ಗ್ರಹಣದ ದಿನ ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ ಇಡುವುದನ್ನು ನೋಡುತ್ತ ಬೆಳೆದವನು ನಾನು, ಅದಕ್ಕೇ ಆ ಪುಟವನ್ನು ಮತ್ತೆ ಮತ್ತೆ ಓದಿದ್ದೇನೆ. ಸೂರ್ಯ ಮತ್ತು ಚಂದ್ರನ ನಡುವೆ ಗೋಳಾಕಾರದ ಭೂಮಿ ಬಂದಾಗ ಚಂದ್ರಗ್ರಹಣವಾಗುತ್ತದೆ ಎಂದು ಗಝಾಲಿ ಸ್ಪಷ್ಟವಾಗಿ ಬರೆದಿದ್ದಾರೆ. ಧರ್ಮದ ಹೆಸರಿನಲ್ಲಿ ಇದನ್ನು ಅಲ್ಲಗಳೆಯುವವನು ಧರ್ಮಕ್ಕೇ ದ್ರೋಹ ಮಾಡುತ್ತಾನೆ ಎನ್ನುತ್ತಾರೆ. ಏಕೆಂದರೆ ಲೆಕ್ಕ ಹಾಕಿ ಗ್ರಹಣದ ಹೊತ್ತನ್ನೂ ಪ್ರಮಾಣವನ್ನೂ ಮೊದಲೇ ಹೇಳಬಲ್ಲವನಿಗೆ ‘ಇದು ಧರ್ಮಕ್ಕೆ ವಿರುದ್ಧ’ ಎಂದು ಹೇಳಿದರೆ, ಅವನು ಸಂಶಯಪಡುವುದು ಗ್ರಹಣವನ್ನಲ್ಲ, ಧರ್ಮವನ್ನು. ಮೂರ್ಖ ಮಿತ್ರನಿಗಿಂತ ಬುದ್ಧಿವಂತ ಶತ್ರು ಮೇಲು ಎಂಬ ಗಾದೆಯನ್ನೂ ಅಲ್ಲೇ ಹೇಳುತ್ತಾರೆ. ಹಾಗೆಂದು ಅವರು ಸೌಮ್ಯ ಸ್ವಭಾವದವರೇನಲ್ಲ. ಲೋಕ ಅನಾದಿ, ದೇವರಿಗೆ ಬಿಡಿಬಿಡಿ ಸಂಗತಿಗಳು ತಿಳಿಯುವುದಿಲ್ಲ, ಸತ್ತ ದೇಹಗಳು ಮತ್ತೆ ಏಳುವುದಿಲ್ಲ ಎಂಬ ಮೂರು ಮಾತುಗಳನ್ನು ಧರ್ಮದ್ರೋಹವೆಂದು ಸಾರಿ, ಅವುಗಳನ್ನು ಹೇಳುವವರು ಮರಣದಂಡನೆಗೆ ಅರ್ಹರು ಎಂದು ಪುಸ್ತಕವನ್ನು ಮುಗಿಸಿದರು. ಈ ಕಠೋರತೆಯನ್ನು ಮರೆಮಾಚಿ ಅವರನ್ನು ಹೊಗಳುವುದು ನನಗೆ ಬೇಡ.

ಎದುರಾಳಿಗಳನ್ನೆಲ್ಲ ಗೆದ್ದವರಿಗೆ ಅದೇ ವರ್ಷ ಮಾತು ನಿಂತದ್ದೇಕೆ? ಆಶ್ರಯದಾತ ವಜೀರ 1092ರಲ್ಲಿ ಕೊಲೆಯಾಗಿದ್ದ, ಸುಲ್ತಾನನೂ ಸತ್ತಿದ್ದ, ಅರಮನೆಗಳಲ್ಲಿ ಕತ್ತಿ ಮಸೆಯುತ್ತಿದ್ದರು. ಆ ಭಯವೂ ಇತ್ತು ಎನ್ನುವವರಿದ್ದಾರೆ. ಗಝಾಲಿ ಕೊಡುವ ಕಾರಣ ಬೇರೆ, ನನಗೆ ಅದೇ ನಂಬಲರ್ಹವೆನಿಸುತ್ತದೆ. ತಾನು ಪಾಠ ಹೇಳುತ್ತಿರುವುದು ದೇವರಿಗಾಗಿ ಅಲ್ಲ, ಕೀರ್ತಿಗಾಗಿ ಎಂದು ಅವರಿಗೆ ಅರಿವಾಗಿತ್ತು. ಸೂಫಿಗಳ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದಾಗ ಉಳಿದದ್ದು ಓದಿನಿಂದ ಸಿಗುವಂಥದ್ದಾಗಿರಲಿಲ್ಲ. ಆರೋಗ್ಯ ಎಂದರೇನು ಎಂಬ ಲಕ್ಷಣವನ್ನು ಕಾಯಿಲೆ ಬಿದ್ದ ವೈದ್ಯ ಬಲ್ಲ, ಆದರೆ ಅವನ ಬಳಿ ಆರೋಗ್ಯವಿಲ್ಲ. ಅಮಲೇರಿದವನಿಗೆ ಅಮಲಿನ ಲಕ್ಷಣ ಗೊತ್ತಿಲ್ಲ, ಆದರೂ ಅಮಲು ಅವನದೇ. ಈ ಎರಡನೆಯ ಬಗೆಯ ಅರಿವಿಗೆ ಸೂಫಿಗಳು ಇಟ್ಟ ಹೆಸರು ‘ಝೌಕ್’, ಅಂದರೆ ರುಚಿ. ಬೆಳಿಗ್ಗೆ ಎಲ್ಲ ಬಿಟ್ಟು ಹೊರಡುವ ಸಂಕಲ್ಪ, ಸಂಜೆಗೆ ಆಸೆಗಳ ದಂಡು ದಾಳಿಯಿಟ್ಟು ಅದನ್ನು ಮುರಿಯುವುದು. ಹೀಗೆ ಆರು ತಿಂಗಳು ಕಳೆದ ಮೇಲೆ ದೇಹವೇ ಮುಷ್ಕರ ಹೂಡಿತು.

ನವೆಂಬರಿನಲ್ಲಿ ಅವರು ಹೊರಟರು. ಮಕ್ಕಾ ಯಾತ್ರೆ ಎಂದು ಹೇಳಿಕೊಂಡು ಡಮಾಸ್ಕಸ್ ಕಡೆಗೆ ನಡೆದರು, ಬಾಗ್ದಾದಿಗೆ ಮರಳುವ ಇರಾದೆ ಇರಲಿಲ್ಲ. ಮಕ್ಕಳ ಜೀವನಕ್ಕೆ ಬೇಕಾದಷ್ಟನ್ನು ಇಟ್ಟು ಉಳಿದ ಹಣವನ್ನು ಹಂಚಿದರು. ಡಮಾಸ್ಕಸ್ಸಿನ ಉಮಯ್ಯದ್ ಮಸೀದಿಯ ಮಿನಾರವನ್ನು ಹತ್ತಿ, ಬಾಗಿಲು ಹಾಕಿಕೊಂಡು ದಿನವಿಡೀ ಒಬ್ಬರೇ ಕುಳಿತಿರುತ್ತಿದ್ದರು. ಹೆಬ್ರಾನಿನಲ್ಲಿ ಇಬ್ರಾಹೀಮರ ಸಮಾಧಿಯ ಮುಂದೆ ಮೂರು ಪ್ರತಿಜ್ಞೆ ಮಾಡಿದರು: ಅರಸರ ಬಳಿ ಹೋಗುವುದಿಲ್ಲ, ಅವರ ಹಣ ಮುಟ್ಟುವುದಿಲ್ಲ, ವಾದಕ್ಕೆ ಇಳಿಯುವುದಿಲ್ಲ.

ಆ ಅಲೆದಾಟದ ವರ್ಷಗಳಲ್ಲಿ ಹುಟ್ಟಿದ್ದು ‘ಇಹ್ಯಾ ಉಲೂಮುದ್ದೀನ್’, ನಲವತ್ತು ಭಾಗಗಳ ಬೃಹತ್ ಗ್ರಂಥ. ಪ್ರಾರ್ಥನೆ, ಉಪವಾಸಗಳಿಂದ ಶುರುವಾಗಿ ಊಟ, ಮದುವೆ, ವ್ಯಾಪಾರ ದಾಟಿ ಕೋಪ, ಹೊಟ್ಟೆಕಿಚ್ಚುಗಳ ಚಿಕಿತ್ಸೆಗೆ ಬಂದು, ದೇವರ ಪ್ರೀತಿಗೂ ಮರಣದ ನೆನಪಿಗೂ ತಲುಪುತ್ತದೆ. ವಿಧಿಯ ಹೊರಗಿನ ಕ್ರಿಯೆಯನ್ನೂ ಅದರೊಳಗಿನ ಮನಸ್ಸನ್ನೂ ಒಂದೇ ದಾರದಲ್ಲಿ ಪೋಣಿಸಿದ್ದರಿಂದ, ಶರೀಅತ್ ಪಂಡಿತರು ಸೂಫಿಗಳನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಮೊದಲ ಭಾಗದಲ್ಲೇ ಒಂದು ದೂರಿದೆ: ಎಷ್ಟೋ ಊರುಗಳಲ್ಲಿ ಮುಸ್ಲಿಂ ವೈದ್ಯನೇ ಇಲ್ಲ, ಆದರೂ ಎಲ್ಲರೂ ಕಾನೂನು ಕಲಿಯಲು ಮುಗಿಬೀಳುತ್ತಾರೆ. ಅದರಲ್ಲಿ ಪದವಿ ಇದೆ, ಅನಾಥರ ಆಸ್ತಿಯ ಮೇಲ್ವಿಚಾರಣೆ ಸಿಗುತ್ತದೆ, ವೈದ್ಯಕೀಯದಲ್ಲಿ ಅವಿಲ್ಲ. ಇಂಥ ಮಾತು ಕಾನೂನು ಪಂಡಿತರಿಗೆ ಹಿಡಿಸಲಿಲ್ಲ. 1109ರಲ್ಲಿ ಸ್ಪೇನಿನ ಕಾರ್ಡೊಬಾದಲ್ಲಿ ಈ ಗ್ರಂಥವನ್ನು ಸುಟ್ಟರು.

ಹೆಚ್ಚು ಕಡಿಮೆ ಅದೇ ಹೊತ್ತಿಗೆ ಅವರು ಕಾನೂನಿನ ತತ್ತ್ವದ ಬಗ್ಗೆ ‘ಅಲ್ ಮುಸ್ತಸ್ಫಾ’ ಬರೆದು ಮುಗಿಸಿದ್ದರು. ಅದರ ಪೀಠಿಕೆಯೇ ಗ್ರೀಕರಿಂದ ಬಂದ ತರ್ಕಶಾಸ್ತ್ರ. ಇದನ್ನು ಅರಿಯದವನ ಯಾವ ವಿದ್ಯೆಯನ್ನೂ ನೆಚ್ಚಲಾಗದು ಎಂದು ಘೋಷಿಸಿದರು. ತತ್ತ್ವಜ್ಞಾನಿಗಳ ತೀರ್ಮಾನಗಳನ್ನು ಬಡಿದವರೇ ಅವರ ಸಲಕರಣೆಯನ್ನು ಮದರಸಾದೊಳಗೆ ತಂದು ಇಟ್ಟರು. ಕಾನೂನು ಕಾಯಬೇಕಾದ್ದು ಐದನ್ನು, ಅಂದರೆ ಧರ್ಮ, ಜೀವ, ಬುದ್ಧಿ, ಸಂತತಿ, ಆಸ್ತಿ ಎಂಬ ಪಟ್ಟಿಯನ್ನು ಅಲ್ಲೇ ಖಚಿತಪಡಿಸಿದರು. ಕಾನೂನು ಪಂಡಿತರು ಇಂದಿಗೂ ಆ ಐದನ್ನೇ ಮುಂದಿಟ್ಟುಕೊಂಡು ವಾದಿಸುತ್ತಾರೆ. ಭಟ್ಕಳದ ನವಾಯತರೂ ನಮ್ಮ ಕರಾವಳಿಯ ಬ್ಯಾರಿಗಳೂ ಅನುಸರಿಸುವ ಶಾಫಿ ಪಂಥದ ಕಾನೂನು ಗ್ರಂಥಗಳಲ್ಲಿಯೂ ಗಝಾಲಿಯ ಎಳೆ ಇದೆ.

1106ರಲ್ಲಿ ಆಗಿನ ವಜೀರನ ಒತ್ತಾಯಕ್ಕೆ ಮಣಿದು ನಿಶಾಪುರದಲ್ಲಿ ಮತ್ತೆ ಪಾಠ ಹೇಳಿದರು. ಆಗ ಹೇಳುತ್ತಿದ್ದುದು ಪದವಿ ಗಳಿಸುವ ವಿದ್ಯೆ, ಈಗ ಹೇಳುವುದು ಪದವಿ ಬಿಡುವ ವಿದ್ಯೆ ಎಂದು ಬರೆದುಕೊಂಡರು. 1111ರ ಡಿಸೆಂಬರಿನಲ್ಲಿ ಹುಟ್ಟೂರು ತೂಸಿನಲ್ಲೇ ತೀರಿಕೊಂಡರು.

ಆಮೇಲೆ ಆಕಾಶ ನೋಡುವವರು ಇಲ್ಲವಾದರೇ? 1259ರಲ್ಲಿ ಇರಾನಿನ ಮರಾಘಾದಲ್ಲಿ ದೊಡ್ಡ ವೀಕ್ಷಣಾಲಯ ಕಟ್ಟಿಸಿದ ನಸೀರುದ್ದೀನ್ ತೂಸಿ, ಹೆಸರೇ ಹೇಳುವಂತೆ, ಗಝಾಲಿಯ ಊರಿನವರು. ಇನ್ನೂ ಒಂದು ಶತಮಾನ ದಾಟಿದರೆ ಇಬ್ನ್ ಅಲ್ ಶಾತಿರ್ ಸಿಗುತ್ತಾರೆ. ಚಂದ್ರನ ಚಲನೆಗೆ ಅವರು ಕೊಟ್ಟ ಗಣಿತವೇ ಮುಂದೆ ಕೋಪರ್ನಿಕಸ್ಸನ ಪುಸ್ತಕದಲ್ಲೂ ಕಾಣುತ್ತದೆ. ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದದ್ದು ಮಸೀದಿಯಲ್ಲಿ ನಮಾಜಿನ ವೇಳೆ ಲೆಕ್ಕ ಹಾಕುವ ಕೆಲಸ, ಗಝಾಲಿ ಬಾಗಿಲು ಹಾಕಿಕೊಂಡು ಕುಳಿತಿದ್ದ ಅದೇ ಡಮಾಸ್ಕಸ್ಸಿನ ಮಸೀದಿಯಲ್ಲಿ. 1371ರಲ್ಲಿ ಅದರ ಮಿನಾರವೊಂದರ ಮೇಲೆ ಅಮೃತಶಿಲೆಯ ದೊಡ್ಡ ನೆರಳುಗಡಿಯಾರವನ್ನು ಕೂರಿಸಿದರು. ಕಣ್ಣಿಗೆ ನಿಂತಂತೆ ಕಾಣುವ ನೆರಳು ಕಲ್ಲಿನಲ್ಲಿ ಕೊರೆದ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ದಾಟುವುದನ್ನು ನೋಡಿ, ಮಧ್ಯಾಹ್ನದ ನಮಾಜಿಗೆ ಕೂಗುತ್ತಿದ್ದರು.