ಆಳು ಸಿಗುವುದಿಲ್ಲ ಎಂಬ ಮಾತಿನ ಹಿಂದಿನ ಲೆಕ್ಕ

ತೀರ್ಥಹಳ್ಳಿ ಕಡೆಯ ಅಡಿಕೆ ಮನೆಗಳಲ್ಲಿ ಕೊಯ್ಲಿನ ದಿನಗಳೆಂದರೆ ರಾತ್ರಿಯೂ ಅಂಗಳದಲ್ಲಿ ದೀಪ ಉರಿಯುವ ದಿನಗಳು. ಮೆಟ್ಟುಗತ್ತಿಗಳ ಮುಂದೆ ಸಾಲಾಗಿ ಕುಳಿತ ಹೆಂಗಸರು ಹಸಿ ಅಡಿಕೆ ಸುಲಿಯುತ್ತಾರೆ. ಸುಲಿದದ್ದನ್ನು ಅಳೆದು, ಆ ಅಳತೆಯ ಮೇಲೆ ಕೂಲಿ ಕೊಡುತ್ತಾರೆ. ಕೊಯ್ದ ಕೊನೆಯನ್ನು ಒಂದೆರಡು ದಿನದಲ್ಲಿ ಸುಲಿದು ಬೇಯಿಸದಿದ್ದರೆ ಮಾಲಿನ ಬಣ್ಣ ಕೆಡುತ್ತದೆಯಾದ್ದರಿಂದ ಯಾರಿಗೂ ಕಾಯುವ ಪುರುಸೊತ್ತಿಲ್ಲ. ನಮ್ಮ ಬಂಧುಗಳ ಮನೆಯ ಅಂಗಳದಲ್ಲಿ ನಾನು ಕುಳಿತಿದ್ದಾಗಲೇ ಸುಲಿಯುತ್ತಿದ್ದವರೊಬ್ಬರಿಗೆ ಪಕ್ಕದ ಊರಿನಿಂದ ಫೋನು ಬಂತು. "ಅಕ್ಕಾ, ನಾಳೆ ನಮ್ಮಲ್ಲಿಗೆ ಬನ್ನಿ, ಅಲ್ಲಿಗಿಂತ ಜಾಸ್ತಿ ಮಾಡಿ ಕೊಡ್ತೀವಿ" ಎಂಬ ಮಾತು ಎಲ್ಲರಿಗೂ ಕೇಳಿಸಿತು. ಮನೆಯ ಯಜಮಾನರು ಬೆಳಗಾಗುವುದರೊಳಗೆ ತಮ್ಮ ದರವನ್ನೂ ಏರಿಸಿದರು.

ಘಟ್ಟದ ಇನ್ನೊಂದು ಮಗ್ಗುಲಲ್ಲಿ, ಬಸ್ಸು ಬರುವ ರಸ್ತೆಯಿಂದ ಹಲವು ಮೈಲಿ ಒಳಗಿರುವ ದೊಡ್ಡ ಕಾಫಿ ತೋಟದ ಚಿತ್ರ ಬೇರೆ. ಅಲ್ಲಿ ಕೆಲಸಗಾರರ ವಾಸ ತೋಟದವರೇ ಕೊಟ್ಟ ಲೈನ್ ಮನೆಯಲ್ಲಿ. ಕೆಲಸ ಬಿಟ್ಟರೆ ಮನೆ ಬಿಡಬೇಕು, ಮಕ್ಕಳ ಶಾಲೆ ಬಿಡಬೇಕು, ಪಡೆದ ಮುಂಗಡ ತೀರಿಸಬೇಕು. ಬೆಳಿಗ್ಗೆ ಹಾಜರಿ ಕೂಗುವ ರೈಟರ್ ಮುಂದೆ ನಿಂತವರಿಗೆ ನಡೆದು ಹೋಗುವಷ್ಟು ದೂರದಲ್ಲಿ ಇನ್ನೊಂದು ಹಾಜರಿ ಪುಸ್ತಕವಿಲ್ಲ.

ಸರ್ಕಾರ ಈ ಎರಡೂ ಕಡೆಗೆ ಚಾಲ್ತಿ ದರಕ್ಕಿಂತ ಹೆಚ್ಚಿನ ಕನಿಷ್ಠ ಕೂಲಿಯನ್ನು ಗೊತ್ತುಪಡಿಸಿದರೆ ಉದ್ಯೋಗಕ್ಕೆ ಏನಾಗುತ್ತದೆ? ಕೂಲಿ ಏರಿದರೆ ಕೆಲಸ ಕಡಿಮೆಯಾಗುತ್ತದೆ ಎಂಬ ಉತ್ತರವನ್ನು ನಾವು ಎರಡಕ್ಕೂ ಅನ್ವಯಿಸಿ ಮಾತನಾಡುತ್ತೇವೆ. ಅರ್ಥಶಾಸ್ತ್ರದಲ್ಲಿ ಆ ಉತ್ತರ ಮೊದಲನೆಯ ಅಂಗಳಕ್ಕೆ ಮಾತ್ರ ಸೇರಿದ್ದು. ಎರಡನೆಯದಕ್ಕೆ ಉತ್ತರ ತಿರುವುಮುರುವಾಗಬಹುದು ಎಂಬುದು ಸುಮಾರು 90 ವರ್ಷಗಳಿಂದ ತಿಳಿದಿದ್ದರೂ ಬಹುಕಾಲ ಅದನ್ನು ಪಠ್ಯಪುಸ್ತಕದ ವಿಶೇಷ ಪ್ರಸಂಗವೆಂದು ಬದಿಗಿಡಲಾಗಿತ್ತು.

ಕನಿಷ್ಠ ಕೂಲಿಯ ಕಾನೂನುಗಳು ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ 1894ರಲ್ಲಿ ಮತ್ತು ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1896ರಲ್ಲಿ. ಬ್ರಿಟನ್ನಿಗೆ ಅವು ಬಂದದ್ದು 1909ರಲ್ಲಿ. ವಿರೋಧಿಸಿದವರ ವಾದ ಸರಳವಾಗಿತ್ತು. ಕೂಲಿಗೆ ಕರೆಯುವವರು ನೂರಾರು ಮಂದಿ ಇದ್ದಾಗ ಅವರ ಪೈಪೋಟಿಯೇ ಕೂಲಿಯನ್ನು ಕೆಲಸಗಾರನ ದುಡಿಮೆಯ ಬೆಲೆಯವರೆಗೆ ತಳ್ಳಿರುತ್ತದೆ. ಅದಕ್ಕಿಂತ ಹೆಚ್ಚು ಕೊಡಲೇಬೇಕೆಂದರೆ, ಅಷ್ಟು ಬೆಲೆಯ ದುಡಿಮೆ ಕೊಡಲಾಗದವರನ್ನು ಯಾರೂ ಕರೆಯುವುದಿಲ್ಲ. ಅಡಿಕೆ ಅಂಗಳಕ್ಕೆ ಈ ವಾದ ಚೆನ್ನಾಗಿಯೇ ಹೊಂದುತ್ತದೆ. ಅಳತೆಯ ಮೇಲೆ ಕೂಲಿ ಕೊಡುವಲ್ಲಿ ಕೈ ನಿಧಾನವಾದ ವಯಸ್ಸಾದ ಹೆಂಗಸು ಕುಳಿತರೂ ಯಜಮಾನರಿಗೆ ನಷ್ಟವಿಲ್ಲ. ದಿನಕ್ಕೆ ಇಂತಿಷ್ಟು ಆಗಲೇಬೇಕೆಂಬ ಎತ್ತರದ ಗೆರೆ ಎಳೆದರೆ ಮೊದಲು ಜಾಗ ಕಳೆದುಕೊಳ್ಳುವವರು ಅವರೇ. ಉಳಿದದ್ದನ್ನು ಸುಲಿಯುವ ಯಂತ್ರ ನೋಡಿಕೊಳ್ಳುತ್ತದೆ.

1933ರಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಕೊಳ್ಳುವವನು ಒಬ್ಬನೇ ಆಗಿದ್ದರೆ ಏನಾಗುತ್ತದೆಂದು ಕೇಳಿದರು. ಮಾರುವವನೊಬ್ಬನೇ ಇದ್ದರೆ ಅದಕ್ಕೆ 'ಮೊನೊಪೊಲಿ' ಎಂಬ ಹೆಸರಿತ್ತು, ಕೊಳ್ಳುವವನೊಬ್ಬನೇ ಇದ್ದರೆ ಹೆಸರಿರಲಿಲ್ಲ. ಹಾಲ್‌ವರ್ಡ್ ಎಂಬ ಗ್ರೀಕ್ ವಿದ್ವಾಂಸರ ನೆರವಿನಿಂದ ಅವರು 'ಮೊನೊಪ್ಸನಿ' ಎಂಬ ಪದವನ್ನು ಕಟ್ಟಿದರು. ಕನ್ನಡದಲ್ಲಿ ಅದನ್ನು ಏಕಖರೀದಿದಾರ ಮಾರುಕಟ್ಟೆ ಎನ್ನಬಹುದು.

ಅವರ ಲೆಕ್ಕವನ್ನು ಒಂದು ತೋಟಕ್ಕೆ ಹಾಕಿ ನೋಡೋಣ. ಸುಲಭವಾಗಲೆಂದು ಅಂಕಿಗಳನ್ನು ನಾನೇ ಇಟ್ಟುಕೊಂಡಿದ್ದೇನೆ. ಒಬ್ಬ ಆಳಿನ ದಿನದ ದುಡಿಮೆಯಿಂದ ತೋಟಕ್ಕೆ 500 ರೂಪಾಯಿ ಹುಟ್ಟುತ್ತದೆ ಎನ್ನಿ. ದಿನಕ್ಕೆ 350 ರೂಪಾಯಿ ಕೊಟ್ಟರೆ 15 ಮಂದಿ ಬರುತ್ತಾರೆ. ಹದಿನಾರನೆಯವರು ಇನ್ನೂ ದೂರದ ಹಳ್ಳಿಯವರಾದ್ದರಿಂದ 360 ಕೊಟ್ಟರೆ ಮಾತ್ರ ಬರುತ್ತಾರೆ. ಅವರು 500 ರೂಪಾಯಿಯ ಕೆಲಸ ಮಾಡುತ್ತಾರೆ, ಕೇಳುವುದು 360. ಹಾಗಿದ್ದೂ ತೋಟದವರು ಅವರನ್ನು ಕರೆಯುವುದಿಲ್ಲ. ಹೊಸಬರಿಗೆ 360 ಕೊಟ್ಟ ಮೇಲೆ ಹಳೆಯ 15 ಮಂದಿಗೂ ತಲಾ 10 ರೂಪಾಯಿ ಏರಿಸಲೇಬೇಕು, ಇಲ್ಲದಿದ್ದರೆ ಹಾಜರಿಯ ಹೊತ್ತಿಗೆ ಜಗಳವಾಗುತ್ತದೆ. ಆ ಏರಿಕೆಯೇ 150. ಹೀಗೆ ಹದಿನಾರನೆಯ ಆಳು ತೋಟಕ್ಕೆ ಬೀಳುವುದು 510 ರೂಪಾಯಿಗೆ, ತರುವುದು 500. ಆದ್ದರಿಂದ ತೋಟ 15ಕ್ಕೆ ನಿಲ್ಲುತ್ತದೆ; ದಿನದ ಲಾಭ 2,250 ರೂಪಾಯಿ.

ಈಗ ಸರ್ಕಾರ ಕನಿಷ್ಠ ಕೂಲಿಯನ್ನು 400 ರೂಪಾಯಿಗೆ ನಿಗದಿ ಮಾಡಿತೆನ್ನಿ. ಹಳಬರಿಗೆ ಹೇಗಿದ್ದರೂ 400 ಕೊಡಬೇಕಾದ್ದರಿಂದ ಹೊಸಬರನ್ನು ಕರೆದದ್ದಕ್ಕೆಂದು ಅವರಿಗೆ ಬೇರೆ ಏರಿಕೆ ಕೊಡಬೇಕಾಗಿಲ್ಲ. ಹದಿನಾರನೆಯವರ ವೆಚ್ಚ ಈಗ ನೆಟ್ಟಗೆ 400, ಬರುವುದು 500. ಹದಿನೇಳು, ಹದಿನೆಂಟನೆಯವರದ್ದೂ ಅಷ್ಟೇ. ಆ ದರಕ್ಕೆ ಬರಲು ಒಪ್ಪುವ 20 ಮಂದಿಗೂ ಕೆಲಸ ಸಿಗುತ್ತದೆ. ಕೂಲಿಯೂ ಏರಿತು, ಆಳೂ ಹೆಚ್ಚಿತು. ತೋಟದ ಲಾಭ 2,000ಕ್ಕೆ ಇಳಿಯಿತು. ಇದೇ ಲೆಕ್ಕದಲ್ಲಿ 450ಕ್ಕೆ 25 ಮಂದಿ, ಲಾಭ 1,250. ಆದರೆ 500 ದಾಟಿ ನಿಗದಿ ಮಾಡಿದರೆ ಪ್ರತಿ ಆಳೂ ನಷ್ಟವೇ. ನಿಜವಾದ ತೋಟದಲ್ಲಿ ಕೆಲಸಗಳ ಬೆಲೆ ಒಂದೇ ಆಗಿರುವುದಿಲ್ಲವಾದ್ದರಿಂದ ಎಲ್ಲವೂ ಒಮ್ಮೆಗೇ ನಿಲ್ಲುವುದಿಲ್ಲ. ಮುಂದೂಡಲು ಬರುವ ಕಳೆ ತೆಗೆಯುವ ಕೆಲಸ ಮೊದಲು ಹಿಂದೆ ಬೀಳುತ್ತದೆ, ಹಣ್ಣು ಕೊಯ್ಯುವ ಕೆಲಸ ಕೊನೆಯವರೆಗೂ ಉಳಿಯುತ್ತದೆ. ಏಕಖರೀದಿದಾರನಿದ್ದಾನೆಂದ ಮಾತ್ರಕ್ಕೆ ಎಲ್ಲ ದರವೂ ಸುರಕ್ಷಿತವಾಗುವುದಿಲ್ಲ ಎಂಬುದನ್ನು ಕೂಲಿ ಹೆಚ್ಚಳದ ಪರವಾಗಿ ವಾದಿಸುವ ನಮ್ಮಂಥವರು ಬಿಟ್ಟುಬಿಡಬಾರದು.

1946ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಈ ತರ್ಕವನ್ನು ಒಪ್ಪಿಕೊಂಡೇ ಬದಿಗಿಟ್ಟರು. ಸರಿಯಾದ ದರ ಕಸುಬಿನಿಂದ ಕಸುಬಿಗೆ, ಸಂಸ್ಥೆಯಿಂದ ಸಂಸ್ಥೆಗೆ, ಕಾಲದಿಂದ ಕಾಲಕ್ಕೆ ಬದಲಾಗುವಾಗ ದೇಶಕ್ಕೆಲ್ಲ ಒಂದೇ ಗೆರೆ ಎಳೆದು ಈ ಫಲ ಪಡೆಯಲಾಗದು ಎಂಬುದು ಅವರ ಆಕ್ಷೇಪ. ಕಡಿಮೆ ಕೂಲಿಯ ಉದ್ದಿಮೆಗಳು ಹೆಚ್ಚಾಗಿ ಸಣ್ಣವು, ಅವಕ್ಕೆ ಕೂಲಿಯ ಮೇಲೆ ಹಿಡಿತವೇ ಇಲ್ಲ ಎಂದೂ ಅವರು ಹೇಳಿದರು. ಮೊದಲನೆಯ ಆಕ್ಷೇಪ ಇಂದಿಗೂ ಗಟ್ಟಿಯಾಗಿದೆ, ಎರಡನೆಯದು ಹಾಗಿಲ್ಲ.

ನಮ್ಮ ಕನಿಷ್ಠ ವೇತನ ಕಾಯ್ದೆ ಬಂದದ್ದು 1948ರಲ್ಲಿ. ಅದಕ್ಕೂ ಮುಂಚೆ ಮಲೆನಾಡಿನ ತೋಟಗಳಿಗೆ ಮೇಸ್ತ್ರಿಗಳು ಘಟ್ಟದ ಕೆಳಗಿನಿಂದ ಮುಂಗಡ ಕೊಟ್ಟು ಆಳು ತರುತ್ತಿದ್ದರು. ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಶಿಕ್ಷಿಸಲು ಬ್ರಿಟಿಷ್ ಇಂಡಿಯಾದಲ್ಲಿ 1859ರ ಕರಾರು ಭಂಗ ಕಾಯ್ದೆಯಿತ್ತು. ಅದು ರದ್ದಾದದ್ದು 1925ರಲ್ಲಿ. ಖರೀದಿದಾರನೊಬ್ಬನೇ ಉಳಿಯುವುದಕ್ಕೆ ಕಾಡು, ದೂರಗಳಷ್ಟೇ ಕಾರಣವಲ್ಲ, ಬೇರೆಡೆ ಹೋಗುವುದನ್ನು ತಡೆಯುವ ಸಾಲವೂ ಕಾನೂನೂ ಕಾರಣ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ. 1951ರ ತೋಟ ಕಾರ್ಮಿಕರ ಕಾಯ್ದೆ ವಸತಿಯನ್ನು ಮಾಲೀಕರ ಹೊಣೆಯಾಗಿಸಿ ದೊಡ್ಡ ಉಪಕಾರ ಮಾಡಿತು. ಆದರೆ ಕೆಲಸಕ್ಕೆ ಕಟ್ಟಿದ ಸೂರು ಕೆಲಸ ಬಿಡುವುದನ್ನು ಇನ್ನಷ್ಟು ದುಬಾರಿಯಾಗಿಸಿದ್ದೂ ನಿಜ.

ಚರ್ಚೆ ಮತ್ತೆ ಬಿಸಿಯೇರಿದ್ದು ಅಮೆರಿಕದಲ್ಲಿ. 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿತು; ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಏರಿಕೆಯ ಮುಂಚೆ ಮತ್ತು ನಂತರ ವಿಚಾರಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೂರ್ಣಾವಧಿಗೆ ಸಮನಾಗಿಸಿ ಎಣಿಸಿದಾಗ ನ್ಯೂಜೆರ್ಸಿಯಲ್ಲಿ ಅಂಗಡಿಗೆ ಸರಾಸರಿ 20.4 ಇದ್ದ ಕೆಲಸಗಾರರು 21.0 ಆಗಿದ್ದರು, ಪೆನ್ಸಿಲ್ವೇನಿಯಾದಲ್ಲಿ 23.3ರಿಂದ 21.2ಕ್ಕೆ ಇಳಿದಿದ್ದರು. ಫೋನಿನಲ್ಲಿ ಕೇಳಿ ಪಡೆದ ಅಂಕಿ ನಂಬಲರ್ಹವಲ್ಲವೆಂದು ನ್ಯೂಮಾರ್ಕ್ ಮತ್ತು ವಾಷರ್ ಸಂಬಳದ ದಾಖಲೆಗಳನ್ನು ಹಿಡಿದು ವಾದಿಸಿದರು. ಬೇರೆ ಸರ್ಕಾರಿ ದಾಖಲೆಗಳಿಂದ ಕಾರ್ಡ್ ಮತ್ತು ಕ್ರೂಗರ್ 2000ದಲ್ಲಿ ಉತ್ತರಿಸಿದಾಗ ಉದ್ಯೋಗದಲ್ಲಿ ಹೇಳಿಕೊಳ್ಳುವಂಥ ಏರಿಕೆಯೂ ಕಾಣಲಿಲ್ಲ, ಇಳಿಕೆಯೂ ಕಾಣಲಿಲ್ಲ.

ಸಾಲು ಸಾಲು ಅಂಗಡಿಗಳಿರುವಲ್ಲಿ ಏಕಖರೀದಿದಾರ ಎಲ್ಲಿಂದ ಬಂದ? ಈ ಒಗಟನ್ನು ಬಿಡಿಸಿದವರಲ್ಲಿ ಅಲನ್ ಮ್ಯಾನಿಂಗ್ ಪ್ರಮುಖರು. ಖರೀದಿದಾರ ಅಕ್ಷರಶಃ ಒಬ್ಬನೇ ಆಗಿರಬೇಕಿಲ್ಲ. ಬೇರೆ ಕೆಲಸ ಹುಡುಕುವುದು ಕಷ್ಟ, ಮನೆಯಿಂದ ದೂರ, ಮಗುವನ್ನು ನೋಡಿಕೊಳ್ಳುವವರಿಲ್ಲ ಎಂಬ ಕಾರಣಗಳಿಂದ ಹತ್ತು ರೂಪಾಯಿ ಕಡಿಮೆ ಕೊಟ್ಟರೂ ಆಳು ಬಿಟ್ಟುಹೋಗದಿದ್ದರೆ, ಅಷ್ಟರ ಮಟ್ಟಿಗೆ ಪ್ರತಿ ಮಾಲೀಕನೂ ಏಕಖರೀದಿದಾರನೇ.

ಭಾರತದ ಹಳ್ಳಿಗಳಿಗೆ ಹತ್ತಿರದ ಸಾಕ್ಷ್ಯ ಆಂಧ್ರಪ್ರದೇಶದ್ದು. ಅಲ್ಲಿ ಉದ್ಯೋಗ ಖಾತ್ರಿಯ ಕೂಲಿಯನ್ನು ಸ್ಮಾರ್ಟ್‌ಕಾರ್ಡ್ ಮೂಲಕ ತಲುಪಿಸುವ ವ್ಯವಸ್ಥೆಯನ್ನು 157 ಮಂಡಲಗಳಲ್ಲಿ ಲಾಟರಿಯ ಕ್ರಮದಲ್ಲಿ ಹಿಂದುಮುಂದಾಗಿ ಜಾರಿಗೊಳಿಸಿ ಮುರಳೀಧರನ್, ನೀಹೌಸ್ ಮತ್ತು ಸುಖ್ತಂಕರ್ ಅಭ್ಯಸಿಸಿದರು. ಇದು ಕನಿಷ್ಠ ಕೂಲಿಯ ಆದೇಶವಲ್ಲ, ಆದರೆ ನೆಲೆ ಅದೇ: ಸರ್ಕಾರದ ಕೆಲಸ ನಂಬಿಕೆಗೆ ಅರ್ಹವಾದರೆ ಅದಕ್ಕಿಂತ ಕಡಿಮೆಗೆ ಜಮೀನ್ದಾರನ ಗದ್ದೆಗೆ ಯಾರೂ ಹೋಗುವುದಿಲ್ಲ. ಖಾಸಗಿ ಕೂಲಿ ಏರಿತು, ಖಾಸಗಿ ಕೆಲಸ ಕಡಿಮೆಯಾಗಲಿಲ್ಲ, ಬದಲಿಗೆ ಹೆಚ್ಚಿತು. ಭೂಮಿ ಕೆಲವೇ ಕೈಗಳಲ್ಲಿದ್ದ ಕಡೆ ಆ ಹೆಚ್ಚಳ ಇನ್ನೂ ದೊಡ್ಡದಾಗಿತ್ತು. ರಾಬಿನ್ಸನ್ ಅವರ ಲೆಕ್ಕ ಹೇಳುವುದೂ ಅದನ್ನೇ.

ನಮ್ಮ ಸೀಮೆ ಯಾವ ಬಗೆಯದೆಂದು ತಿಳಿಯಲು ಮಲೆನಾಡಿನಲ್ಲಿ ದಿನವೂ ಕೇಳುವ 'ಆಳು ಸಿಗುವುದಿಲ್ಲ' ಎಂಬ ಮಾತಿನಿಂದಲೇ ಹೊರಡಬಹುದು. ಮೇಲಿನ ತೋಟದಲ್ಲಿ ಯಜಮಾನರು 350 ರೂಪಾಯಿಗೆ ಇನ್ನೂ ಹತ್ತು ಮಂದಿ ಬಂದರೂ ಸಂತೋಷದಿಂದ ಕರೆಯುತ್ತಾರೆ, ಏಕೆಂದರೆ ಪ್ರತಿಯೊಬ್ಬರಿಂದ 150 ಉಳಿಯುತ್ತದೆ; ಬರುವವರಿಲ್ಲ, ದರವನ್ನೂ ಏರಿಸುವುದಿಲ್ಲ. ಅಡಿಕೆ ಅಂಗಳದಲ್ಲಿಯೂ ಅದೇ ಮಾತು ಕೇಳುತ್ತದೆ, ಆದರೆ ಅಲ್ಲಿ ಬೆಳಗಾಗುವುದರೊಳಗೆ ದರ ಏರಿರುತ್ತದೆ. ವರ್ಷದಿಂದ ವರ್ಷಕ್ಕೆ ಆಳಿನ ಕೊರತೆಯೂ ಮುಂದುವರಿದು ಕೂಲಿಯೂ ಕದಲದಿದ್ದರೆ ಅದು ಏಕಖರೀದಿದಾರನ ಗುರುತು. ಕೊರತೆ ಕಂಡೊಡನೆ ಕೂಲಿ ಏರುತ್ತಿದ್ದರೆ ಅದು ಪೈಪೋಟಿ. ಅಂಥ ಕಡೆ ಸರ್ಕಾರದ ದರ ಚಾಲ್ತಿ ದರಕ್ಕಿಂತ ಕೆಳಗಿದ್ದರೆ ಕಾಗದದಲ್ಲಿ ಉಳಿಯುತ್ತದೆ, ಮೇಲಿದ್ದರೆ ಕೆಲಸ ಕಳೆಯುತ್ತದೆ.

ಕನಿಷ್ಠ ಕೂಲಿಯ ಪರಿಷ್ಕರಣೆಯ ನಂತರ ತಲೆ ಎಣಿಸಿ ಎಲ್ಲರೂ ಇದ್ದಾರೆಂದರೆ ಸಾಲದು. ಆಳುಗಳು ಅಷ್ಟೇ ಇದ್ದು ವಾರಕ್ಕೆ ಆರು ದಿನದ ಹಾಜರಿ ನಾಲ್ಕಾಗಿರಬಹುದು. ದಿನದ ಕೂಲಿಗೆ ಕೊಯ್ಯಬೇಕಾದ ಹಣ್ಣಿನ ತೂಕವನ್ನು ಸದ್ದಿಲ್ಲದೆ ಹೆಚ್ಚಿಸಿರಬಹುದು. ಹಾಗಾದರೆ ಕೂಲಿ ಏರಿದ್ದು ಪುಸ್ತಕದಲ್ಲಿ ಮಾತ್ರ. ಆದ್ದರಿಂದ ನೋಡಬೇಕಾದದ್ದು ಹಾಜರಿ ಪುಸ್ತಕದ ಒಟ್ಟು ಮಾನವ ದಿನಗಳನ್ನು ಮತ್ತು ತೂಕದ ಚೀಟಿಗಳನ್ನು, ಅದೂ ಹಿಂದಿನ ವರ್ಷದ ಅದೇ ತಿಂಗಳುಗಳಿಗೆ ಹೋಲಿಸಿ, ಏಕೆಂದರೆ ಕೊಯ್ಲಿನ ಡಿಸೆಂಬರನ್ನು ಮಳೆಗಾಲದ ಜುಲೈಗೆ ಹೋಲಿಸಿದರೆ ಕಾನೂನಿನ ಪರಿಣಾಮದ ಬದಲು ಋತುವಿನ ಏರಿಳಿತವಷ್ಟೇ ಕಾಣುತ್ತದೆ.